ಬಜೆಟ್ ಸೊನ್ನೆಯಿಂದ ಏಕೆ ಆರಂಭವಾಗುವುದಿಲ್ಲ?

*ಮಾನ್ಯ ಸಂಪಾದಕರೇ, ಹಲವು ವರ್ಷಗಳ ಬಜೆಟ್ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಸರ್ಕಾರ ಬದಲಾದರೂ ಇಲಾಖೆಗಳ ಅಂಕಿಗಳು ಹಿಂದಿನ ವರ್ಷದ ಅಂಕಿಗೆ ಒಂದಿಷ್ಟು ಸೇರಿಸಿದಂತೆಯೇ ಇವೆ. ಪ್ರತಿಯೊಂದು ಖರ್ಚನ್ನೂ ಪ್ರತಿ ವರ್ಷ ಮೊದಲಿನಿಂದ ಪರಿಶೀಲಿಸಿ ಬೇಡದ್ದನ್ನು ಕೈಬಿಡಲು ಅಡ್ಡಿಯೇನು? ಇದು ಆಡಳಿತದ ಸೋಮಾರಿತನವಲ್ಲವೇ? — ಒಬ್ಬ ಓದುಗ*

ಮಾನ್ಯರೇ,

ತಾವು ಸೂಚಿಸಿದ ಕ್ರಮವನ್ನು ಒಂದು ದೊಡ್ಡ ಇಲಾಖೆ ನಿಜವಾಗಿಯೂ ಪ್ರಯೋಗಿಸಿ ನೋಡಿದೆ. ಅಮೆರಿಕದ ಕೃಷಿ ಇಲಾಖೆ 1962ರಲ್ಲಿ, ಹಿಂದಿನ ವರ್ಷದ ಅನುದಾನವನ್ನು ಲೆಕ್ಕಕ್ಕೆ ಹಿಡಿಯದೆ, ಪ್ರತಿಯೊಂದು ಕಾರ್ಯಕ್ರಮವೂ ತನ್ನ ಅಗತ್ಯವನ್ನು ಮೊದಲಿನಿಂದ ಸಮರ್ಥಿಸಿಕೊಳ್ಳಬೇಕೆಂದು ತನ್ನ ಘಟಕಗಳಿಗೆ ಸೂಚಿಸಿತು. ಅಧಿಕಾರಿಗಳು ವಾರಗಟ್ಟಲೆ ದುಡಿದು ರಾಶಿ ರಾಶಿ ಸಮರ್ಥನೆಗಳನ್ನು ಬರೆದರು. ಆ ಬಳಿಕ ರಾಜ್ಯಶಾಸ್ತ್ರಜ್ಞ ಆರನ್ ವಿಲ್ಡಾವ್‌ಸ್ಕಿ ಮತ್ತು ಆರ್ಥರ್ ಹ್ಯಾಮಂಡ್ ಆ ಅಧಿಕಾರಿಗಳನ್ನೇ ಕಂಡು ವಿಚಾರಿಸಿದಾಗ, ಈ ಕ್ರಮದಿಂದಲೇ ಆಯಿತೆನ್ನಬಹುದಾದ ಬದಲಾವಣೆಗಳು ಅತ್ಯಲ್ಪವೆಂದು ತಿಳಿದುಬಂತು. ಕಾನೂನು ಕಡ್ಡಾಯಗೊಳಿಸಿದ ಕಾರ್ಯಕ್ರಮ ಬೇಕೇ ಬೇಡವೇ ಎಂದು ಕೇಳುವುದರಲ್ಲಿ ಅರ್ಥವಿಲ್ಲವೆಂದು ಹಲವರು ಭಾವಿಸಿದ್ದರು. ಬರೆದದ್ದೆಲ್ಲವನ್ನೂ ಓದಿ ತೂಗಿ ನೋಡುವಷ್ಟು ಸಮಯ ಮೇಲಿನವರಿಗೂ ಇರಲಿಲ್ಲ.

ಮುಂದೆ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರಲ್ಲಿ ಶೂನ್ಯಾಧಾರಿತ ಬಜೆಟ್ ಪದ್ಧತಿಯನ್ನು ಇಡೀ ಕೇಂದ್ರಾಡಳಿತಕ್ಕೆ ವಿಸ್ತರಿಸಿದರು. ಆದರೆ ಅಲ್ಲಿ ಘಟಕಗಳು ತಮ್ಮ ಕನಿಷ್ಠ ಅಗತ್ಯವನ್ನು ಸೊನ್ನೆಯಿಂದ ಎಣಿಸದೆ, ಚಾಲ್ತಿಯಲ್ಲಿರುವ ವೆಚ್ಚಕ್ಕಿಂತ ತುಸು ಕೆಳಗಿನ ಮಟ್ಟವನ್ನೇ ಕನಿಷ್ಠವೆಂದು ಹಿಡಿದು, ಅದರ ಮೇಲಿನ ಹೆಚ್ಚಳಗಳಿಗೆ ಆದ್ಯತೆಯ ಕ್ರಮ ಹಾಕುವುದು ವಾಡಿಕೆಯಾಯಿತು. 1981ರಲ್ಲಿ ರೇಗನ್ ಆಡಳಿತ ಆ ಪದ್ಧತಿಯನ್ನು ಕೈಬಿಟ್ಟಿತು.

ಇದನ್ನು ಸೋಮಾರಿತನವೆಂದು ಕರೆಯಲು ನಾನು ಹಿಂಜರಿಯುತ್ತೇನೆ. ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಲಿಂಡ್‌ಬ್ಲಮ್ 1959ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದರು. ಎಲ್ಲ ಗುರಿಗಳನ್ನೂ ಪಟ್ಟಿಮಾಡಿ, ಎಲ್ಲ ದಾರಿಗಳನ್ನೂ ಹೋಲಿಸಿ, ಅತ್ಯುತ್ತಮವಾದುದನ್ನು ಆರಿಸಲು ಬೇಕಾದ ಮಾಹಿತಿಯಾಗಲಿ ಸಮಯವಾಗಲಿ ಯಾವ ಆಡಳಿತಗಾರನಿಗೂ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಶಿಕ್ಷಣ ದೊಡ್ಡದೋ ನೀರಾವರಿ ದೊಡ್ಡದೋ ಎಂಬ ಮೌಲ್ಯದ ಪ್ರಶ್ನೆಯಲ್ಲಿ ಜನಪ್ರತಿನಿಧಿಗಳು ಎಂದಿಗೂ ಒಮ್ಮತಕ್ಕೆ ಬರುವುದಿಲ್ಲ. ಆದರೆ ಮೂಲ ತತ್ತ್ವದಲ್ಲಿ ಒಪ್ಪದವರೂ ಈ ವರ್ಷ ಶಾಲೆಗಳಿಗೆ ಶೇ. 3 ಹೆಚ್ಚು ಕೊಡೋಣವೆಂಬುದನ್ನು ಒಪ್ಪಬಲ್ಲರು. ಹೆಜ್ಜೆ ಚಿಕ್ಕದಾಗಿದ್ದರೆ ಅದರ ಪರಿಣಾಮವನ್ನು ಊಹಿಸುವುದೂ ತಪ್ಪಾದರೆ ತಿದ್ದಿಕೊಳ್ಳುವುದೂ ಸಾಧ್ಯ. ಬಜೆಟ್ಟಿನಲ್ಲಿ ಈ ರೂಢಿ ಎರಡು ನಿರೀಕ್ಷೆಗಳ ಮೇಲೆ ನಿಲ್ಲುತ್ತದೆ ಎಂದು ವಿಲ್ಡಾವ್‌ಸ್ಕಿ 1964ರಲ್ಲಿ ತೋರಿಸಿದರು. ಇಲಾಖೆಗೆ ಈಗಾಗಲೇ ದಕ್ಕಿರುವ ಬುನಾದಿ ಮೊತ್ತವನ್ನು ಯಾರೂ ಪ್ರಶ್ನಿಸುವುದಿಲ್ಲವೆಂಬುದು ಒಂದು; ಒಟ್ಟು ಹೆಚ್ಚಳದಲ್ಲಾಗಲಿ ಕಡಿತದಲ್ಲಾಗಲಿ ಪ್ರತಿಯೊಬ್ಬರಿಗೂ ನ್ಯಾಯವಾದ ಪಾಲು ಬರುತ್ತದೆಂಬುದು ಇನ್ನೊಂದು.

ಬುನಾದಿ ಏಕೆ ಅಲುಗಾಡುವುದಿಲ್ಲವೆಂಬುದಕ್ಕೆ ಒಂದು ಕಲ್ಪಿತ ಇಲಾಖೆಯ ಲೆಕ್ಕ ನೋಡೋಣ. ಅದರ ಅನುದಾನ 100 ಎಂದಿರಲಿ. ಅದರಲ್ಲಿ 55 ಸಂಬಳಕ್ಕೂ ಪಿಂಚಣಿಗೂ, 20 ಕಾನೂನಿನ ಪ್ರಕಾರ ಅರ್ಹರೆಲ್ಲರಿಗೂ ಕೊಡಲೇಬೇಕಾದ ನೆರವಿಗೆ, 15 ಈಗಾಗಲೇ ಗುತ್ತಿಗೆ ಕೊಟ್ಟ ಕಾಮಗಾರಿಗಳ ಕಂತಿಗೆ ಹೋಗುತ್ತದೆ. ಹೊಸ ಮಂತ್ರಿಯ ಕೈಯಲ್ಲಿ ಉಳಿಯುವುದು 10 ಮಾತ್ರ. ಆತ ಧೈರ್ಯ ಮಾಡಿ ಆ ಹತ್ತರಲ್ಲಿ 3ನ್ನು ಹಳೆಯ ಯೋಜನೆಗಳಿಂದ ಕಿತ್ತು ಹೊಸದಕ್ಕೆ ಕೊಟ್ಟರೆ, ತನ್ನ ಹಿಡಿತದಲ್ಲಿದ್ದ ಹಣದ ಶೇ. 30ನ್ನು ಬದಲಿಸಿದಂತಾಯಿತು, ಇಲಾಖೆಯ ಒಟ್ಟು ಮೊತ್ತದಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಅದೇ ವರ್ಷ ಒಟ್ಟು ಅನುದಾನ 104ಕ್ಕೆ ಏರಿದರೂ, ಸಂಬಳ ಮತ್ತು ಪಿಂಚಣಿಯಲ್ಲಿ ಶೇ. 4ರಷ್ಟು ವಾಡಿಕೆಯ ಏರಿಕೆಯಾದರೆ ಆ ನಾಲ್ಕರಲ್ಲಿ 2.2 ಅಲ್ಲಿಯೇ ಮುಗಿಯುತ್ತದೆ. ತಾವು ಪುಸ್ತಕಗಳಲ್ಲಿ ಕಂಡ ಒಂದಿಷ್ಟು ಹೆಚ್ಚಳ ಅನೇಕ ವೇಳೆ ಇಂಥದ್ದು. ಅದನ್ನು ಯಾರೂ ನಿರ್ಧರಿಸಿರುವುದಿಲ್ಲ, ಹಿಂದಿನ ನಿರ್ಧಾರಗಳೇ ಅದನ್ನು ತಂದಿರುತ್ತವೆ.

ಚಿಕ್ಕ ಹೆಜ್ಜೆಗಳ ಈ ಸಿದ್ಧಾಂತಕ್ಕೆ ವಿಮರ್ಶಕರು ಎತ್ತಿದ ಆಕ್ಷೇಪಗಳಲ್ಲಿ ಮೊದಲನೆಯದು ಈ ಲೆಕ್ಕದಿಂದಲೇ ಹುಟ್ಟುತ್ತದೆ. 37 ಸಂಸ್ಥೆಗಳ 12 ವರ್ಷಗಳ ಅನುದಾನವನ್ನು ಆಧರಿಸಿ ವಿಲ್ಡಾವ್‌ಸ್ಕಿ ಕೊಟ್ಟ ಅಂಕಿಗಳ ಪ್ರಕಾರ, ಸುಮಾರು ಮೂರನೇ ಒಂದರಷ್ಟು ಬದಲಾವಣೆಗಳು ಶೇ. 5ರ ಒಳಗೂ, ಅರ್ಧಕ್ಕಿಂತ ತುಸು ಹೆಚ್ಚು ಶೇ. 10ರ ಒಳಗೂ, ನಾಲ್ಕನೇ ಮೂರಕ್ಕಿಂತ ತುಸು ಕಡಿಮೆ ಶೇ. 30ರ ಒಳಗೂ ಇದ್ದವು. ಇದನ್ನು ಸ್ಥಿರತೆಯ ಸಾಕ್ಷ್ಯವೆಂದು ಓದಲಾಯಿತು. ಆದರೆ ಒಂದೇ ವರ್ಷದಲ್ಲಿ ಶೇ. 30 ಏರುಪೇರಾದರೆ ಅದನ್ನು ಚಿಕ್ಕ ಹೆಜ್ಜೆ ಎನ್ನಬಹುದೇ? ಅದಕ್ಕೂ ಮಿಕ್ಕಿ ಬದಲಾದ ನಾಲ್ಕನೇ ಒಂದು ಭಾಗಕ್ಕೆ ವಿವರಣೆ ಏನು? ಚಿಕ್ಕದೆಂದರೆ ಎಷ್ಟು ಎಂಬುದನ್ನು ಮೊದಲೇ ಹೇಳದ ಸಿದ್ಧಾಂತವನ್ನು ಸುಳ್ಳೆಂದು ತೋರಿಸಲು ಬರುವುದಿಲ್ಲ ಎಂಬ ಈ ಟೀಕೆ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. 1973ರಲ್ಲಿ ನಾಚೆಜ್ ಮತ್ತು ಬಪ್ ಎಂಬ ವಿದ್ವಾಂಸರು ಅಮೆರಿಕದ ಅಣುಶಕ್ತಿ ಆಯೋಗದ ಬಜೆಟ್ಟನ್ನು ಕಾರ್ಯಕ್ರಮವಾರು ಬಿಡಿಸಿ ನೋಡಿದರು. ಶಾಂತವಾಗಿ ಕಂಡ ಮೊತ್ತದ ಒಳಗೆ ಕೆಲವು ಕಾರ್ಯಕ್ರಮಗಳು ವೇಗವಾಗಿ ಬೆಳೆಯುತ್ತಿದ್ದವು, ಕೆಲವು ಸೊರಗುತ್ತಿದ್ದವು.

ಎರಡನೆಯ ಆಕ್ಷೇಪ ನ್ಯಾಯಕ್ಕೆ ಸಂಬಂಧಿಸಿದ್ದು. ಯೆಹೆಜ್ಕೆಲ್ ಡ್ರೋರ್ 1964ರಲ್ಲಿ ಹೇಳಿದಂತೆ, ಈಗಿನ ನೀತಿ ಒಟ್ಟಿನಲ್ಲಿ ತೃಪ್ತಿಕರವಾಗಿದ್ದರೆ ಮಾತ್ರ ಚಿಕ್ಕ ಹೆಜ್ಜೆಗಳ ವಿಧಾನ ಸರಿಹೋಗುತ್ತದೆ. ಇಲ್ಲದಿದ್ದರೆ ಅದು ಜಡತ್ವಕ್ಕೆ ಸಿದ್ಧಾಂತದ ಬೆಂಬಲ ಕೊಟ್ಟಂತಾಗುತ್ತದೆ. ಒಂದು ಪ್ರದೇಶದಲ್ಲಿ ಪ್ರತಿ ಮಗುವಿನ ಶಿಕ್ಷಣಕ್ಕೆ 1000, ಇನ್ನೊಂದರಲ್ಲಿ 600 ಖರ್ಚಾಗುತ್ತಿದೆ ಎಂದುಕೊಳ್ಳೋಣ. ಎರಡಕ್ಕೂ ವರ್ಷಕ್ಕೆ ಶೇ. 5ರಂತೆ ಸಮಾನ ಹೆಚ್ಚಳ ಕೊಟ್ಟರೆ, 10 ವರ್ಷಗಳ ನಂತರ 400ರ ಅಂತರ ಸುಮಾರು 650 ಆಗುತ್ತದೆ. ಬೆಲೆಗಳೂ ಅದೇ ವೇಗದಲ್ಲಿ ಏರಿದ್ದರೆ ನಿಜಮೌಲ್ಯದಲ್ಲಿ ಅಂತರ ಹೆಚ್ಚಿಲ್ಲವೆನ್ನಬಹುದು. ಆದರೆ ಅದು ಒಂದು ಅಂಗುಲವೂ ಮುಚ್ಚಿರುವುದಿಲ್ಲ. ಬುನಾದಿಯನ್ನು ಪ್ರಶ್ನಿಸಬಾರದೆಂಬ ರೂಢಿ, ಹಿಂದೆ ಯಾರಿಗೆ ಬಲವಿತ್ತೋ ಅವರ ಗೆಲುವನ್ನು ಪ್ರತಿ ವರ್ಷ ಚರ್ಚೆಯಿಲ್ಲದೆ ನವೀಕರಿಸುತ್ತದೆ. ಈ ಅನ್ಯಾಯವನ್ನು ಸೌಮ್ಯವಾಗಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ.

ಮೂರನೆಯದು ಟೀಕೆ ಎನ್ನುವುದಕ್ಕಿಂತ ತಿದ್ದುಪಡಿ. 1990ರ ದಶಕದಿಂದ ಫ್ರಾಂಕ್ ಬಾಮ್‌ಗಾರ್ಟ್ನರ್ ಮತ್ತು ಬ್ರಯಾನ್ ಜೋನ್ಸ್ ನಡೆಸಿದ ಅಧ್ಯಯನಗಳು, ಬಜೆಟ್ ಬದಲಾವಣೆಗಳಲ್ಲಿ ಬಹುಪಾಲು ನಿಜಕ್ಕೂ ಅತ್ಯಂತ ಚಿಕ್ಕವಾಗಿದ್ದರೂ, ಭಾರಿ ಜಿಗಿತಗಳೂ ಭಾರಿ ಕುಸಿತಗಳೂ ನಾವು ನಿರೀಕ್ಷಿಸುವುದಕ್ಕಿಂತ ಹೆಚ್ಚು ಸಲ ಬರುತ್ತವೆಂದು ತೋರಿಸಿವೆ. ರಾಜಕಾರಣದ ಗಮನ ಎಲ್ಲ ವಿಷಯಗಳ ಮೇಲೂ ಒಟ್ಟಿಗೆ ಇರಲಾರದು. ಗಮನ ಬೀಳದ ಕಡೆ ಹಳೆಯ ಅಂಕಿಯೇ ಮುಂದುವರಿದು ತಪ್ಪುಗಳು ಒಳಗೊಳಗೇ ಬೆಳೆಯುತ್ತವೆ. ಯಾವುದೋ ದುರಂತವೋ ಸ್ಪರ್ಧೆಯೋ ಎಲ್ಲರ ದೃಷ್ಟಿಯನ್ನು ಅತ್ತ ಸೆಳೆದಾಗ ಬಾಕಿ ಉಳಿದ ಬದಲಾವಣೆ ಒಮ್ಮೆಗೇ ಬರುತ್ತದೆ. ಚಂದ್ರಯಾನದ ಪೈಪೋಟಿಯಲ್ಲಿದ್ದ ನಾಸಾದ ಪಾಲು 1966ರಲ್ಲಿ ಅಮೆರಿಕದ ಕೇಂದ್ರ ವೆಚ್ಚದ ಶೇ. 4ನ್ನು ಮೀರಿತ್ತು, ಒಂದು ದಶಕದೊಳಗೆ ಅದು ಶೇ. 1ರ ಆಸುಪಾಸಿಗೆ ಇಳಿಯಿತು. ಮನುಷ್ಯನನ್ನು ಚಂದ್ರನ ಮೇಲಿಳಿಸುವಂಥ ಕೆಲಸವನ್ನು ವರ್ಷಕ್ಕೆ ಶೇ. 3ರಂತೆ ಮಾಡಲು ಬರುವುದಿಲ್ಲ.

ಹೀಗಾಗಿ ಎಲ್ಲ ಖರ್ಚನ್ನೂ ಪ್ರತಿ ವರ್ಷ ಸೊನ್ನೆಗೆ ತರಬೇಕೆಂಬ ತಮ್ಮ ಸಲಹೆಯನ್ನು ನಾನು ಒಪ್ಪಲಾರೆ; ಆದರೆ ಬುನಾದಿಯನ್ನು ಎಂದೂ ಮುಟ್ಟಬಾರದೆಂಬುದನ್ನೂ ಒಪ್ಪಲಾರೆ. ಸರದಿಯಂತೆ ವರ್ಷಕ್ಕೆ ಕೆಲವೇ ಕಾರ್ಯಕ್ರಮಗಳನ್ನು ಆರಿಸಿ, ಅವಕ್ಕೆ ಕಾರಣವಾದ ಕಾನೂನಿನ ಸಮೇತ ಬುಡದಿಂದ ಪರಿಶೀಲಿಸುವುದು ಕೈಗೆಟಕುವ ಕೆಲಸ. ಕಾನೂನು ಕಡ್ಡಾಯಗೊಳಿಸಿದ್ದನ್ನು ಪ್ರಶ್ನಿಸುವುದರಲ್ಲಿ ಅರ್ಥವಿಲ್ಲವೆಂಬ ಭಾವನೆಯೂ ಕೃಷಿ ಇಲಾಖೆಯ ಅಷ್ಟೆಲ್ಲ ಶ್ರಮ ಬಹುಪಾಲು ವ್ಯರ್ಥವಾಗಲು ಒಂದು ಕಾರಣ. ತಮ್ಮ ಬಳಿ ಇರುವ ಪುಸ್ತಕಗಳಲ್ಲಿ ಇಲಾಖೆಯ ಒಟ್ಟು ಮೊತ್ತವನ್ನು ಬಿಟ್ಟು ಒಂದೊಂದೇ ಕಾರ್ಯಕ್ರಮದ ಸಾಲನ್ನು ಹತ್ತು ವರ್ಷಗಳುದ್ದಕ್ಕೂ ಹಿಂಬಾಲಿಸಿ, ಬೆಲೆಯೇರಿಕೆಯನ್ನು ಕಳೆದು ನೋಡಿ. ವರ್ಷಕ್ಕೆ ಶೇ. 3 ಏರಿದ ಅನುದಾನ, ಬೆಲೆಗಳು ಶೇ. 6 ಏರಿದ ಕಾಲದಲ್ಲಿ ಸದ್ದಿಲ್ಲದ ಕಡಿತವಾಗಿರುತ್ತದೆ, ಮತ್ತು ಆ ಕಡಿತಕ್ಕೆ ಯಾವ ಸದನದಲ್ಲೂ ಯಾರೂ ಮತ ಹಾಕಿರುವುದಿಲ್ಲ.

— ಸಂಪಾದಕ