ಬಾಣದ ಉದ್ದ ಹಾಗೇ ಇದೆ, ದಿಕ್ಕು ಹಾಗಿಲ್ಲ

ಓದುಗರ ಪತ್ರ: ಶಂಕು ಲೋಲಕದಲ್ಲಿ ದಾರದ ಎಳೆತ ಆಧಾರಬಿಂದುವಿನ ಮೂಲಕವೇ ಹಾದುಹೋಗುತ್ತದೆ. ಹಾಗಾಗಿ ಆ ಬಿಂದುವಿನ ಸುತ್ತ ಅದರ ಟಾರ್ಕ್ ಸೊನ್ನೆ. ಗುಂಡಿನ ಜವವೂ ದಾರದ ಉದ್ದವೂ ಬದಲಾಗುವುದಿಲ್ಲ. ಆದರೂ ಆಧಾರಬಿಂದುವಿನ ಸುತ್ತ ಕೋನೀಯ ಸಂವೇಗ ಸಂರಕ್ಷಿತವಲ್ಲ, ಲಂಬ ಅಕ್ಷದ ಸುತ್ತ ಮಾತ್ರ ಸಂರಕ್ಷಿತ ಎಂದು ಪುಸ್ತಕ ಹೇಳುತ್ತದೆ. ಅಕ್ಷ ಅದೇ ಬಿಂದುವಿನ ಮೂಲಕ ಹೋಗುತ್ತದಲ್ಲವೇ? ಒಂದೇ ಚಲನೆಗೆ ಎರಡು ತೀರ್ಪು ಹೇಗೆ?

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ದಾರ ಇದೆ, ಗುಂಡು ಇದೆ, ಜವ ಇದೆ. ಗುರುತ್ವ ಎಂಬ ಪದ ಮಾತ್ರ ಎಲ್ಲೂ ಇಲ್ಲ. ದಾರದ ಎಳೆತದ ಬಗ್ಗೆ ನೀವು ಬರೆದಿರುವುದು ಸರಿ. ಆಧಾರಬಿಂದುವಿನಿಂದ ನೋಡಿದರೆ ಅದಕ್ಕೆ ತಿರುಗಿಸುವ ಶಕ್ತಿಯೇ ಇಲ್ಲ. ಆದರೆ ಗುಂಡಿನ ತೂಕ ಕೆಳಮುಖವಾಗಿ ಎಳೆಯುತ್ತಿದೆ, ಗುಂಡು ಇರುವುದು ಆಧಾರಬಿಂದುವಿನ ನೇರ ಕೆಳಗಲ್ಲ, ಪಕ್ಕಕ್ಕೆ ಸರಿದು. ಆ ತೂಕದ ಟಾರ್ಕ್ ಅನ್ನು ರದ್ದುಮಾಡುವವರು ಆಧಾರಬಿಂದುವಿನ ಲೆಕ್ಕದಲ್ಲಿ ಯಾರೂ ಇಲ್ಲ.

ಅಂಕಿಗಳನ್ನು ಇಟ್ಟುಕೊಂಡೇ ಮಾತಾಡೋಣ. ದಾರದ ಉದ್ದ 1 ಮೀಟರ್, ಗುಂಡು ಅರ್ಧ ಕಿಲೋಗ್ರಾಂ, ಅದು ಸುತ್ತುವ ವೃತ್ತದ ತ್ರಿಜ್ಯ 0.6 ಮೀಟರ್ ಎಂದುಕೊಳ್ಳಿ. ಆಗ ವೃತ್ತದ ಕೇಂದ್ರ ಆಧಾರಬಿಂದುವಿನಿಂದ ಸರಿಯಾಗಿ 0.8 ಮೀಟರ್ ಕೆಳಗಿರುತ್ತದೆ. ಎಳೆತದ ಮೇಲ್ಮುಖ ಭಾಗ ತೂಕವನ್ನು ಹೊರಬೇಕು, ಅಡ್ಡ ಭಾಗ ಗುಂಡನ್ನು ವೃತ್ತದಲ್ಲಿ ತಿರುಗಿಸಬೇಕು. ಈ ಎರಡು ಷರತ್ತುಗಳನ್ನು ಸೇರಿಸಿದರೆ ω² = g/h ಎಂಬ ಚಿಕ್ಕ ಸಂಬಂಧ ಸಿಗುತ್ತದೆ. ಇಲ್ಲಿ h ಎಂದರೆ ಆ 0.8 ಮೀಟರ್ ಆಳ. g ಅನ್ನು 9.8 ಎಂದು ಹಿಡಿದರೆ ಕೋನೀಯ ವೇಗ ಸೆಕೆಂಡಿಗೆ 3.5 ರೇಡಿಯನ್, ಗುಂಡಿನ ಜವ ಸೆಕೆಂಡಿಗೆ 2.1 ಮೀಟರ್. ಒಂದು ಸುತ್ತಿಗೆ 1.8 ಸೆಕೆಂಡಿಗಿಂತ ಕೂದಲೆಳೆಯಷ್ಟು ಕಡಿಮೆ. (ಈ ಅಳತೆಗಳನ್ನು ಆರಿಸಿದ್ದು ಅಂಕಿಗಳು ಸಲೀಸಾಗಿ ಬರಲೆಂದೇ, ಅದನ್ನು ಮುಚ್ಚಿಡುವುದಿಲ್ಲ.)

ಆಧಾರಬಿಂದುವಿನ ಸುತ್ತ ಕೋನೀಯ ಸಂವೇಗದ ಪ್ರಮಾಣ ಎಷ್ಟು? ವೇಗ ದಾರಕ್ಕೆ ಲಂಬವಾಗಿದೆ, ಆದ್ದರಿಂದ ದ್ರವ್ಯರಾಶಿ, ಜವ, ದಾರದ ಉದ್ದ ಮೂರನ್ನೂ ಗುಣಿಸಿದರೆ ಸಾಕು: 1.05. ಏಕಮಾನ ಕಿಲೋಗ್ರಾಂ ಮೀಟರ್ ವರ್ಗ ಪ್ರತಿ ಸೆಕೆಂಡಿಗೆ. ಪ್ರತಿ ಸಲ ಅದನ್ನು ಬರೆಯುತ್ತಾ ಕೂರುವುದಿಲ್ಲ. ಈ 1.05 ಬದಲಾಗುವುದಿಲ್ಲ ಎಂಬ ನಿಮ್ಮ ಮಾತು ನಿಜ. ನಾನೂ ವಿದ್ಯಾರ್ಥಿಯಾಗಿದ್ದಾಗ ಉತ್ತರಪತ್ರಿಕೆಯಲ್ಲಿ ಇಷ್ಟನ್ನೇ ಬರೆದು, ಕೆಳಗೆ ‘ಆದ್ದರಿಂದ ಸಂರಕ್ಷಿತ’ ಎಂದು ಗೆರೆ ಎಳೆದು, ಅಂಕ ಕಳೆದುಕೊಂಡವನು. ಎಡವಿದ್ದು ‘ಆದ್ದರಿಂದ’ ಎಂಬ ಪದದಲ್ಲಿ. ಕೋನೀಯ ಸಂವೇಗ ಬರಿಯ ಸಂಖ್ಯೆಯಲ್ಲ, ಸದಿಶ. ಅದು ಸಂರಕ್ಷಿತ ಎನ್ನಬೇಕಾದರೆ ಉದ್ದದ ಜೊತೆಗೆ ದಿಕ್ಕೂ ಕದಲದೆ ನಿಲ್ಲಬೇಕು. ವೃತ್ತಚಲನೆಯಲ್ಲಿ ಜವ ಒಂದೇ ಇದ್ದರೂ ವೇಗ ಬದಲಾಗುತ್ತಿರುತ್ತದೆ ಎಂಬುದನ್ನು ನೀವು ತಕರಾರಿಲ್ಲದೆ ಒಪ್ಪುತ್ತೀರಿ. ಇಲ್ಲಿಯೂ ನಡೆಯುವುದು ಅದೇ.

ದಿಕ್ಕನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಲು ಒಂದು ಪೆನ್ಸಿಲ್ ಸಾಕು. ದಾರ ಕಟ್ಟಿದ ಜಾಗದಲ್ಲಿ ಪೆನ್ಸಿಲ್‌ನ ಬುಡ ಇಡಿ. ಮೇಲಿಂದ ನೋಡಿದಾಗ ಗುಂಡು ಅಪ್ರದಕ್ಷಿಣವಾಗಿ ಸುತ್ತುತ್ತಿದೆ ಎನ್ನೋಣ. ಬಲಗೈ ನಿಯಮದ ಪ್ರಕಾರ ಕೋನೀಯ ಸಂವೇಗದ ಬಾಣ ದಾರಕ್ಕೂ ವೇಗಕ್ಕೂ ಲಂಬವಾಗಿರಬೇಕು. ಹಾಗಾದರೆ ಪೆನ್ಸಿಲ್‌ನ ತುದಿ ನೇರ ಮೇಲಕ್ಕೆ ನಿಲ್ಲುವುದಿಲ್ಲ. ಗುಂಡು ಯಾವ ಕಡೆ ಇದೆಯೋ ಆ ಕಡೆಗೆ ಹೊರಕ್ಕೆ ವಾಲಿ, ಮೇಲ್ಮುಖವಾಗಿ ನಿಲ್ಲುತ್ತದೆ. ದಾರ ಕೆಳಗೆ, ಪೆನ್ಸಿಲ್ ಮೇಲೆ, ಎರಡರ ನಡುವೆ ಲಂಬಕೋನ. ಈಗ ಗುಂಡು ಅರ್ಧ ಸುತ್ತು ಹೋಗಿ ಎದುರು ಬದಿಗೆ ಬಂದಾಗ ಪೆನ್ಸಿಲ್ ಎಲ್ಲಿರಬೇಕು? ಅದೂ ಎದುರು ಬದಿಗೆ ವಾಲಿರಬೇಕು. ಗುಂಡು ಕೆಳಗೊಂದು ಶಂಕುವನ್ನು ಬರೆಯುತ್ತಿದ್ದರೆ, ಬಾಣ ಮೇಲೆ ಇನ್ನೊಂದು ಶಂಕುವನ್ನು ಬರೆಯುತ್ತಿರುತ್ತದೆ.

ಆ ವಾಲಿದ ಬಾಣವನ್ನು ಎರಡು ಘಟಕಗಳಾಗಿ ಒಡೆಯಿರಿ. ಲಂಬ ಘಟಕ 0.63, ಅಡ್ಡ ಘಟಕ 0.84. ಲಂಬ ಘಟಕ ಇದ್ದಲ್ಲೇ ಇದೆ. ಅಡ್ಡ ಘಟಕ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದೆ. ಅದರ ತುದಿ ಒಂದು ಸುತ್ತಿನಲ್ಲಿ 2π × 0.84, ಅಂದರೆ ಸುಮಾರು 5.28 ರಷ್ಟು ಪರಿಧಿಯನ್ನು ಕ್ರಮಿಸುತ್ತದೆ. ಸುತ್ತಿನ ಕಾಲ 1.795 ಸೆಕೆಂಡಿನಿಂದ ಅದನ್ನು ಭಾಗಿಸಿದರೆ 2.94 ಬರುತ್ತದೆ. ಇನ್ನು ತೂಕದ ಟಾರ್ಕ್ ನೋಡಿ: ತೂಕ 4.9 ನ್ಯೂಟನ್, ಅಕ್ಷದಿಂದ ದೂರ 0.6 ಮೀಟರ್, ಗುಣಿಸಿದರೆ 2.94 ನ್ಯೂಟನ್ ಮೀಟರ್. ಕೋನೀಯ ಸಂವೇಗ ಬದಲಾಗುವ ದರವೇ ಟಾರ್ಕ್ ಎಂಬ ನಿಯಮ ಇಲ್ಲಿ ಪೈಸೆಪೈಸೆಗೂ ತಾಳೆಯಾಗುತ್ತದೆ. ದಿಕ್ಕೂ ಹೊಂದುತ್ತದೆ. ತೂಕದ ಟಾರ್ಕ್ ಗುಂಡು ಚಲಿಸುತ್ತಿರುವ ದಿಕ್ಕಿನಲ್ಲೇ, ಸ್ಪರ್ಶಕದ ಉದ್ದಕ್ಕೆ ಇರುತ್ತದೆ. ಬಾಣದ ತುದಿ ಸರಿಯುವುದೂ ಅದೇ ಕಡೆಗೆ. ಟಾರ್ಕ್ ಸದಾ ಬಾಣಕ್ಕೆ ಲಂಬವಾಗಿರುವುದರಿಂದ ಬಾಣ ಉದ್ದವಾಗುವುದಿಲ್ಲ, ತಿರುಗುತ್ತದೆ ಅಷ್ಟೆ.

ಅಕ್ಷದ ವಿಷಯ ಇದಕ್ಕಿಂತ ಸರಳ. ಬಾಗಿಲನ್ನು ನೆನಪಿಸಿಕೊಳ್ಳಿ. ಅದನ್ನು ಮೇಲಕ್ಕೆ ಎತ್ತಲು ನೋಡಿದರೆ ತೆರೆದುಕೊಳ್ಳುವುದಿಲ್ಲ. ನೇರವಾಗಿ ತಿರುಗಣೆಯ ಕಡೆಗೆ ನೂಕಿದರೂ ತೆರೆದುಕೊಳ್ಳುವುದಿಲ್ಲ. ಒಂದು ಅಕ್ಷದ ಸುತ್ತ ತಿರುಗಿಸಬೇಕಾದರೆ ಬಲ ಆ ಅಕ್ಷಕ್ಕೆ ಸಮಾಂತರವಾಗಿರಬಾರದು, ಅದನ್ನು ಹಾಯ್ದುಹೋಗಲೂಬಾರದು. ಲೋಲಕದ ಎರಡು ಬಲಗಳೂ ಈ ಪರೀಕ್ಷೆಯಲ್ಲಿ ನಪಾಸು: ತೂಕ ಲಂಬ ಅಕ್ಷಕ್ಕೆ ಸಮಾಂತರ, ಎಳೆತ ಅಕ್ಷವನ್ನು ಆಧಾರಬಿಂದುವಿನಲ್ಲಿ ಹಾಯುತ್ತದೆ. ಹಾಗಾಗಿ ಟಾರ್ಕ್‌ಗೆ ಲಂಬ ಘಟಕವೇ ಇಲ್ಲ, 0.63 ಅಲುಗುವುದಿಲ್ಲ. ‘ಅಕ್ಷದ ಸುತ್ತ ಸಂರಕ್ಷಿತ’ ಎಂದರೆ ಸದಿಶದ ಆ ಒಂದು ಘಟಕ ಸಂರಕ್ಷಿತ ಎಂದರ್ಥ. ಬಿಂದುವಿನ ಸುತ್ತ ಎಂದಾಗ ಮೂರೂ ಘಟಕಗಳ ಲೆಕ್ಕ ಕೊಡಬೇಕು. ಪುಸ್ತಕದ ಎರಡು ತೀರ್ಪುಗಳು ಒಂದೇ ಪ್ರಶ್ನೆಗೆ ಬಂದವಲ್ಲ.

ಅಕ್ಷದ ಮೇಲೆ ಬೇರೆ ಬಿಂದುವನ್ನು ಆರಿಸಿದರೂ ಲಂಬ ಘಟಕ 0.63 ಆಗಿಯೇ ಉಳಿಯುತ್ತದೆ, ಅಡ್ಡ ಘಟಕ ಮಾತ್ರ ಬದಲಾಗುತ್ತದೆ. ವೃತ್ತದ ಕೇಂದ್ರವನ್ನೇ ಹಿಡಿದರೆ ಅಡ್ಡ ಘಟಕ ಸೊನ್ನೆ, ಇಡೀ ಸದಿಶವೇ ಸ್ಥಿರ. ಅಲ್ಲಿ ಎಳೆತಕ್ಕೂ 2.94 ರಷ್ಟು ಟಾರ್ಕ್ ಇದೆ, ತೂಕಕ್ಕೂ ಇದೆ, ಆದರೆ ವಿರುದ್ಧ ದಿಕ್ಕಿನಲ್ಲಿ. ನಿವ್ವಳ ಬಲ ಆ ಕೇಂದ್ರದತ್ತಲೇ ಗುರಿಯಿಟ್ಟಿದೆ. 1666ರಲ್ಲಿ ರಾಬರ್ಟ್ ಹುಕ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಶಂಕು ಲೋಲಕವನ್ನು ತೂಗುಬಿಟ್ಟು ಗ್ರಹಗಳ ಚಲನೆಯನ್ನು ವಿವರಿಸಲು ನೋಡಿದ. ಆ ಹೋಲಿಕೆಯಲ್ಲಿ ಸೂರ್ಯನ ಜಾಗ ವೃತ್ತದ ಕೇಂದ್ರದ್ದು, ದಾರ ಕಟ್ಟಿದ ಮೊಳೆಯದ್ದಲ್ಲ. ದಾರ ಕಣ್ಣಿಗೆ ಕಾಣುವ ವಸ್ತುವಾದ್ದರಿಂದ ಅದರ ತುದಿಯೇ ಕೇಂದ್ರ ಎಂದು ನಮಗೆ ಅನ್ನಿಸಿಬಿಡುತ್ತದೆ.

‘ದಿಕ್ಕು ಹೋದರೆ ಹೋಗಲಿ, ಆಧಾರಬಿಂದುವಿನ ಸುತ್ತ ಪ್ರಮಾಣವಾದರೂ ಉಳಿಯಿತಲ್ಲ’ ಎಂದು ನೀವು ಮರುಪತ್ರ ಬರೆಯಬಹುದು. ಅದಕ್ಕೂ ಈಗಲೇ ಉತ್ತರಿಸುತ್ತೇನೆ. ಮೊಳೆಯ ಬದಲು ನುಣುಪಾದ ಬಾಯಿಯ ಸಣ್ಣ ಕೊಳವೆ ಇರಲಿ, ದಾರ ಅದರೊಳಗಿಂದ ಮೇಲೆ ಬರಲಿ. ಗುಂಡು ಸುತ್ತುತ್ತಿರುವಾಗ ದಾರವನ್ನು ಬಹಳ ನಿಧಾನವಾಗಿ ಮೇಲಕ್ಕೆಳೆಯಿರಿ, ವೃತ್ತದ ಆಳ 0.8 ರಿಂದ 0.4 ಮೀಟರ್‌ಗೆ ಬರುವವರೆಗೆ. ಎಳೆತ ಈಗಲೂ ಅಕ್ಷವನ್ನು ಹಾಯುತ್ತಿದೆ, ಆದ್ದರಿಂದ ಲಂಬ ಘಟಕ 0.63 ಹಾಗೇ ಇರಬೇಕು. ω² = g/h ಪ್ರಕಾರ ಕೋನೀಯ ವೇಗ 4.95ಕ್ಕೆ ಏರುತ್ತದೆ. ಈ ಎರಡನ್ನೂ ಸೇರಿಸಿದರೆ ತ್ರಿಜ್ಯ ಸುಮಾರು 0.505 ಮೀಟರ್, ಜವ 2.5, ಉಳಿದ ದಾರ 0.644 ಮೀಟರ್. ಈಗ ಆಧಾರಬಿಂದುವಿನ ಸುತ್ತ ಕೋನೀಯ ಸಂವೇಗದ ಪ್ರಮಾಣ 0.80. ನಿಮ್ಮ 1.05 ಕರಗಿಹೋಯಿತು! ಗುಂಡು ಸುರುಳಿಯಾಗಿ ಒಳಸರಿಯುವಾಗ ತೂಕದ ಟಾರ್ಕ್ ಬಾಣಕ್ಕೆ ಪೂರ್ತಿ ಲಂಬವಾಗಿ ಉಳಿಯುವುದಿಲ್ಲ. ಆ ಚೂರು ಓರೆಯೇ ಬಾಣವನ್ನು ಗಿಡ್ಡ ಮಾಡುತ್ತದೆ. ಮೊದಲಿನ ಪ್ರಮಾಣ ಸ್ಥಿರವಾಗಿದ್ದದ್ದು ಯಾವ ಸಂರಕ್ಷಣಾ ನಿಯಮದಿಂದಲೂ ಅಲ್ಲ, ಚಲನೆ ಅಚ್ಚುಕಟ್ಟಾದ ವೃತ್ತವಾಗಿತ್ತು ಎಂಬುದರಿಂದ.

ಈ ಪ್ರಯೋಗದಲ್ಲಿ ನನಗೆ ಇಷ್ಟವಾಗುವ ಇನ್ನೊಂದು ಸಂಗತಿ: ದಾರ ಗಿಡ್ಡವಾಗುತ್ತಿದ್ದಂತೆ ಶಂಕು ಅಗಲವಾಗಿ ಬಾಯಿ ತೆರೆಯುತ್ತದೆ. ಮೊದಲು ದಾರ ಲಂಬದಿಂದ 37 ಡಿಗ್ರಿ ವಾಲಿತ್ತು, ಕೊನೆಗೆ ಸುಮಾರು 52. ತ್ರಿಜ್ಯ ಇಳಿದದ್ದು ಕಡಿಮೆ, ಆಳ ಇಳಿದದ್ದು ಹೆಚ್ಚು.

ಮಾಡಿ ನೋಡುವುದಾದರೆ ಒಂದು ಎಚ್ಚರಿಕೆ. ದಾರದ ತುದಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಬೇಡಿ. ಬೆರಳು ತನಗರಿವಿಲ್ಲದೆ ಒಂದು ಪುಟ್ಟ ವೃತ್ತ ಬರೆಯುತ್ತದೆ, ಎಳೆತದ ರೇಖೆ ಅಕ್ಷದಿಂದ ಆಚೆಗೆ ಸರಿಯುತ್ತದೆ, ಲಂಬ ಘಟಕಕ್ಕೂ ಟಾರ್ಕ್ ಸಿಗುತ್ತದೆ. ಬೆರಳಲ್ಲಿ ಹಿಡಿದ ಗುಂಡನ್ನು ಎಷ್ಟು ಹೊತ್ತು ಬೇಕಾದರೂ ಸುತ್ತಿಸಬಹುದಾದದ್ದು ಇದರಿಂದಲೇ. ದಾರವನ್ನು ಗಟ್ಟಿಯಾದ ಕೊಕ್ಕೆಗೆ ಕಟ್ಟಿ, ಗುಂಡನ್ನು ಪಕ್ಕಕ್ಕೆ ತಂದು, ಸ್ಪರ್ಶಕದ ದಿಕ್ಕಿನಲ್ಲಿ ಒಮ್ಮೆ ನೂಕಿ ಬಿಡಿ. ಮೊದಲ ಯತ್ನಕ್ಕೆ ವೃತ್ತ ಬರುವುದು ಅಪರೂಪ, ಮೊಟ್ಟೆಯಾಕಾರವೇ ಬರುತ್ತದೆ. ಬೇಸರ ಬೇಡ, ಅದರಿಂದಲೂ ಕಲಿಯುವುದಿದೆ: ಅಕ್ಷಕ್ಕೆ ಹತ್ತಿರ ಬಂದಾಗ ಗುಂಡು ಚುರುಕಾಗುತ್ತದೆ, ದೂರ ಹೋದಾಗ ನಿಧಾನಿಸುತ್ತದೆ. ಅತಿ ಹತ್ತಿರದ ಮತ್ತು ಅತಿ ದೂರದ ಎರಡು ಜಾಗಗಳಲ್ಲಿ ದೂರವನ್ನು ಜವದಿಂದ ಗುಣಿಸಿದರೆ, ಗಾಳಿ ಕದಿಯುವ ಅಲ್ಪಸ್ವಲ್ಪವನ್ನು ಬಿಟ್ಟು, ಒಂದೇ ಉತ್ತರ ಬರುತ್ತದೆ.