ಗೋದಾಮಿನ ಸ್ಲೈಡು: ಐಕಾನ್ ಬೇಡ, ಟೇಬಲ್ ಸಾಕು

“ಮುಂಬೈ ಆಫೀಸಲ್ಲಿ ಗೋದಾಮು ಭಿವಂಡಿಯೋ ಪನ್ವೇಲೋ ಅನ್ನೋ ಸ್ಲೈಡಿಗೆ ಒಂಬತ್ತು ಬುಲೆಟ್ ಆಗಿವೆ. ಯಾವ ಚಿತ್ರ ಹಾಕಲಿ?”

ಐಕಾನ್ ಅಂಟಿಸೋಕೆ ಹೋಗಬೇಡಿ, ಅದು ಬಣ್ಣ ಬಳಿದ ಬುಲೆಟ್ಟೇ. ಬಾಡಿಗೆ, ಬಂದರಿನ ದೂರ, ಲಾರಿ ಓಡಾಟ ಎರಡೂ ಊರಿಗೆ ಮತ್ತೆ ಮತ್ತೆ ಬರುತ್ತಲ್ಲ, ಅದು ಟೇಬಲ್ಲಿಗೆ ಹೋಗಬೇಕಾದ್ದು. ಊರುಗಳು ಕಾಲಂ, ಈ ಮೂರು ಸಾಲು. ‘ಹತ್ತಿರ’ ಅಂತ ಬರೀದೆ ನ್ಹಾವಾ ಶೇವಾ ಬಂದರಿಗೆ ಎಷ್ಟು ಕಿಲೋಮೀಟರ್ ಅಂತ ಹಾಕಿ. ತೀರ್ಮಾನ ಮಾಡೋ ಸಾಲು ಮೇಲಿರಲಿ, ಗೆದ್ದ ಊರಿನ ಸೆಲ್ಲಿಗೆ ಮಾತ್ರ ಬಣ್ಣ. ಯಾವುದಾದರೂ ಸೆಲ್ ಖಾಲಿ ಉಳಿದರೆ ಒಳ್ಳೇದೇ, ಬುಲೆಟ್ಟಲ್ಲಿ ಆ ಕೊರತೆ ಕಾಣ್ತಾ ಇರಲಿಲ್ಲ.

‘ಮಳೆಗಾಲದಲ್ಲಿ ಜಾಮ್, ಅದರಿಂದ ಲಾರಿ ತಡ, ಅದರಿಂದ ದಂಡ’ ಥರದ್ದು ಟೇಬಲ್ಲಿಗೆ ಒಗ್ಗಲ್ಲ. ಅದಕ್ಕೆ ಮೂರು ಚೌಕ, ಎರಡು ಬಾಣ, ಬೇರೆ ಸ್ಲೈಡು.