ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಸಂಬಳದ ತೆರಿಗೆ ಏಕೆ ಏರಿತು?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಊರು ಬದಿಯಡ್ಕದ ಹತ್ತಿರ. 2025-26ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳ 14 ಲಕ್ಷ, ಹೊಸ ಪದ್ಧತಿ. ಕಂಪೆನಿ 93,600 ಟಿಡಿಎಸ್ ಹಿಡಿದಿದೆ. ನನ್ನ ಹೆಸರಿನ ತೋಟದಿಂದ ಖರ್ಚು ಕಳೆದು 3 ಲಕ್ಷ ಬಂತು. ಅದನ್ನು ಹಾಕಿದ ಕೂಡಲೇ ಇನ್ನೂ 36,400 ಕಟ್ಟು ಅಂತ ತೋರಿಸುತ್ತಿದೆ. ಅಡಿಕೆಗೆ ತೆರಿಗೆ ಇಲ್ಲ ಅಲ್ಲವಾ?

ಉತ್ತರ: ಲೆಕ್ಕ ಸರಿಯೇ ಇದೆ. ಅಡಿಕೆಗೆ ತೆರಿಗೆ ಹಾಕಿಲ್ಲ, ಆದರೆ ನಿಮ್ಮ ಸಂಬಳ ಯಾವ ಸ್ಲ್ಯಾಬಿನಲ್ಲಿ ಕೂತುಕೊಳ್ಳಬೇಕು ಅಂತ ನೋಡುವಾಗ ಅಡಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಮೊದಲು ಸಂಬಳ ಮಾತ್ರ ನೋಡುವ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ 5%, ಅಂದರೆ 20,000. 8ರಿಂದ 12ರವರೆಗೆ 10%, 40,000. 12ರಿಂದ 16 ಲಕ್ಷದ ಸ್ಲ್ಯಾಬಿನ ದರ 15%. ಅದರಲ್ಲಿ ನಿಮ್ಮದು 2 ಲಕ್ಷ ಮಾತ್ರ, ಹಾಗಾಗಿ 30,000. ಒಟ್ಟು 90,000, ಅದರ ಮೇಲೆ 4% ಸೆಸ್ ಸೇರಿ 93,600. ಕಂಪೆನಿಗೆ ತೋಟದ ವಿಷಯ ಗೊತ್ತಿಲ್ಲ, ಆದ್ದರಿಂದ ಅವರು ಅಷ್ಟೇ ಹಿಡಿದರು.

ಈಗ ಅಡಿಕೆ. ಇದಕ್ಕೆ ಸ್ಲ್ಯಾಬ್ ಲೆಕ್ಕವನ್ನು ಎರಡು ಸಲ ಮಾಡಬೇಕು. ಸಂಬಳ, ಅಡಿಕೆ ಎರಡೂ ಕೂಡಿಸಿ 17 ಲಕ್ಷಕ್ಕೆ ತೆರಿಗೆ ಹಾಕಿದರೆ 20,000, 40,000, 60,000, ಮತ್ತೆ 16ರ ಮೇಲಿನ 1 ಲಕ್ಷಕ್ಕೆ 20% ದರದಲ್ಲಿ 20,000. ಒಟ್ಟು 1,40,000. ಇನ್ನೊಂದು ಸಲ, ವಿನಾಯಿತಿಯ 4 ಲಕ್ಷಕ್ಕೆ ಅಡಿಕೆಯ 3 ಲಕ್ಷ ಸೇರಿಸಿ 7 ಲಕ್ಷಕ್ಕೆ ಹಾಕಿದರೆ 15,000. ಮೊದಲಿನದರಿಂದ ಇದನ್ನು ಕಳೆಯಿರಿ: 1,25,000. ಸೆಸ್ ಸೇರಿ 1,30,000. ಕಂಪೆನಿ ಹಿಡಿದದ್ದು ಕಳೆದರೆ ನಿಮ್ಮ 36,400 ಅಲ್ಲೇ ಸಿಗುತ್ತದೆ.

ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಹೀಗೆ ನೋಡಿದರೆ ಸುಲಭ. ವಿನಾಯಿತಿ ಕಳೆದು ಉಳಿಯುವ ನಿಮ್ಮ 10 ಲಕ್ಷ ಸಂಬಳ 4ರಿಂದ 14ರವರೆಗಿನ ಜಾಗದಲ್ಲಿತ್ತು. ಅಡಿಕೆ ಬಂದು 4ರಿಂದ 7ರವರೆಗಿನ ಜಾಗ ಹಿಡಿಯಿತು, ಸಂಬಳ 7ರಿಂದ 17ಕ್ಕೆ ಏರಿತು. 5%ರಲ್ಲಿದ್ದ 3 ಲಕ್ಷದ ತೆರಿಗೆ, 15,000, ಹೋಯಿತು. ಅದರ ಬದಲಿಗೆ 15%ರಲ್ಲಿ 2 ಲಕ್ಷ, 20%ರಲ್ಲಿ 1 ಲಕ್ಷ ಬಂತು, ಒಟ್ಟು 50,000. ವ್ಯತ್ಯಾಸ 35,000, ಸೆಸ್ ಸೇರಿ 36,400. ಮೇಲಿನ ಸ್ಲ್ಯಾಬಿನಲ್ಲಿದ್ದಷ್ಟೂ ಏಟು ಜೋರು.

ಇದು ಹೊಸ ಕಥೆಯೇನಲ್ಲ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯಗಳದ್ದು. ಅದನ್ನು ಮುಟ್ಟದೆ ದರಕ್ಕೆ ಮಾತ್ರ ಪರಿಗಣಿಸುವ ಈ ದಾರಿಯನ್ನು 1972ರಲ್ಲಿ ಕೆ.ಎನ್. ರಾಜ್ ಸಮಿತಿ ಹೇಳಿತು, 1973ರಿಂದ ಜಾರಿಯಲ್ಲಿದೆ. ನಿವ್ವಳ ಕೃಷಿ ಆದಾಯ 5,000 ದಾಟಿ, ಬೇರೆ ಆದಾಯವೂ 4 ಲಕ್ಷ ದಾಟಿದವರಿಗೆ ಮಾತ್ರ ಅನ್ವಯ.

"12 ಲಕ್ಷದವರೆಗೆ ತೆರಿಗೆಯೇ ಇಲ್ಲ" ಅಂತ ನೆಮ್ಮದಿಯಲ್ಲಿರುವವರಿಗೂ ಇದು ತಾಗುತ್ತದೆ. ಇದೇ 3 ಲಕ್ಷದ ತೋಟ, ಡಿಡಕ್ಷನ್ ಕಳೆದು 11 ಲಕ್ಷ ಸಂಬಳ ಅಂತಿಟ್ಟುಕೊಳ್ಳಿ. ಎರಡು ಸಲದ ಲೆಕ್ಕದಲ್ಲಿ ತೆರಿಗೆ 75,000. 12 ಲಕ್ಷದವರೆಗಿನವರ ತೆರಿಗೆಯನ್ನು ಸೊನ್ನೆ ಮಾಡುವ 87ಎ ರಿಬೇಟ್ ಹೆಚ್ಚೆಂದರೆ 60,000. ಉಳಿದ 15,000 ಮತ್ತು ಅದರ ಸೆಸ್ ಕಟ್ಟಲೇಬೇಕು.

ಇನ್ನು ನಿಮ್ಮ 3 ಲಕ್ಷವನ್ನು ಇನ್ನೊಮ್ಮೆ ನೋಡಿ, ಉಳಿತಾಯ ಏನಾದರೂ ಇದ್ದರೆ ಅಲ್ಲಿಯೇ. ಕೊಳೆರೋಗಕ್ಕೆ ಮದ್ದು ಬಿಟ್ಟದ್ದು, ಗೊಬ್ಬರ, ಕೊಯ್ಲಿನ ಮಜೂರಿ, ಒಣಗಿಸಿ ಸುಲಿಸಿದ ಖರ್ಚು ಎಲ್ಲ ಕಳೆದಿದ್ದೀರಾ? ಹಲವರು ಮದ್ದಿನ ಬಿಲ್ ಮಾತ್ರ ಇಟ್ಟುಕೊಂಡು ಮಜೂರಿ ಬರೆದಿಡುವುದೇ ಇಲ್ಲ, ಖರ್ಚಿನಲ್ಲಿ ದೊಡ್ಡದು ಅದೇ. ಒಣಗಿಸಿ ಸುಲಿಯುವುದು ಸ್ವಂತ ಬೆಳೆಯದ್ದಾದರೆ ಕೃಷಿಯೇ. ಬೇರೆಯವರ ಅಡಿಕೆ ಕೊಂಡು ಮಾರಿದ ಲಾಭ ಇದ್ದರೆ ಅದು ವ್ಯಾಪಾರ, ಈ ಲೆಕ್ಕಕ್ಕೆ ತರಬೇಡಿ.

ತೋಟ ನಿಜವಾಗಿಯೂ ನಿಮ್ಮ ಹೆಸರಿನಲ್ಲಿದೆಯಾ ಅಂತಲೂ ನೋಡಿ. ನಮ್ಮ ಕಡೆ ಪಾಲಾಗಿದೆ ಅಂತ ಮನೆಯಲ್ಲಿ ಮಾತಾಗಿರುತ್ತದೆ, ವಿಲೇಜ್ ಆಫೀಸಿನ ಭೂತೆರಿಗೆ ರಸೀದಿ ಮಾತ್ರ ಅಪ್ಪನ ಹೆಸರಿನಲ್ಲೇ ಬರುತ್ತಿರುತ್ತದೆ. ಅಪ್ಪನ ಸ್ವಂತ ಜಾಗವಾದರೆ ಆದಾಯ ಅವರದ್ದು, ಅವರು ನಿಮಗೆ ಕೊಟ್ಟ ದುಡ್ಡು ಮಗನಿಗೆ ಕೊಟ್ಟ ಉಡುಗೊರೆ, ತೆರಿಗೆ ಇಲ್ಲ. ಹಾಗಂತ ನಿಮ್ಮ ಹೆಸರಿನಲ್ಲೇ ಇರುವುದನ್ನು ಅಪ್ಪನದ್ದು ಅಂತ ತೋರಿಸಲು ಹೋಗಬೇಡಿ.

ಕೃಷಿ ಆದಾಯ 5,000 ದಾಟಿದ್ದರಿಂದ ಐಟಿಆರ್-1 ನಿಮಗೆ ಆಗುವುದಿಲ್ಲ, ಐಟಿಆರ್-2 ತುಂಬಿ. ಅದರ ಷೆಡ್ಯೂಲ್ ಇಐಯಲ್ಲಿ ಮಾರಿದ ಒಟ್ಟು ಮೊತ್ತ, ಖರ್ಚು ಬೇರೆ ಬೇರೆ ಹಾಕಬೇಕು. ಬಾಕಿ 10,000 ದಾಟಿದ್ದರಿಂದ ಮುಂಗಡ ತೆರಿಗೆ ಕಟ್ಟಬೇಕಿತ್ತು. ಕಟ್ಟದಿದ್ದರೆ ಏಪ್ರಿಲ್‌ನಿಂದ ತಿಂಗಳಿಗೆ 1% ಬಡ್ಡಿ, ಅಂದರೆ ನಿಮಗೆ ತಿಂಗಳಿಗೆ 364 ರೂಪಾಯಿ ಬೀಳುತ್ತದೆ. ಕಂತು ತಪ್ಪಿದ್ದಕ್ಕೆ ಸ್ವಲ್ಪ ಬಡ್ಡಿ ಬೇರೆ ಇದೆ, ಪೋರ್ಟಲ್ಲೇ ಹಾಕಿ ತೋರಿಸುತ್ತದೆ. ಇಳುವರಿ ಚೆನ್ನಾಗಿ ಬಂದು ನಿವ್ವಳ 5 ಲಕ್ಷ ದಾಟಿದ ವರ್ಷ ಅದೇ ಷೆಡ್ಯೂಲಿನಲ್ಲಿ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ನೀರಾವರಿಯೋ ಮಳೆಯಾಶ್ರಿತವೋ ಎಂದೂ ಕೇಳುತ್ತದೆ, ರಸೀದಿ ಕೈಯಲ್ಲಿಟ್ಟುಕೊಂಡೇ ಕೂತುಕೊಳ್ಳಿ.